ನೂರಕ್ಕೆ ಇಪ್ಪತ್ತು

ನಮ್ಮ ಅಂಗಡಿಯಲ್ಲಿ ಎರಡು ಜಾಗ. ಬಾಗಿಲ ಪಕ್ಕದಲ್ಲಿ ಮೊಣಕಾಲೆತ್ತರದ ಹಲಗೆಕಟ್ಟೆ, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಗಲ್ಲಾಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಅಪ್ಪ. ಒಳಗೆ ಗೋಡೆಯುದ್ದಕ್ಕೂ ಸೀರೆಯ ಕಪಾಟು, ಕಪಾಟಿನ ಮುಂದೆ ನಾನು. ನಡುವೆ ಇದ್ದದ್ದು ಒಂದು ಚಾಪೆಯಷ್ಟು ಅಂತರ. ಗಂಡನ ಮನೆಯ ಸಹವಾಸ ಸಾಕಾಗಿ ವಾಪಸು ಬಂದಾಗಿನಿಂದ ನಾನು ಆ ಅಂಗಡಿಯಲ್ಲೇ ಇದ್ದೆ. ಇಷ್ಟು ವರ್ಷದಲ್ಲಿ ಆ ಕಟ್ಟೆ ಹತ್ತಿದ್ದು ಕಸ ಗುಡಿಸುವುದಕ್ಕೆ ಮಾತ್ರ.

ಇದನ್ನು ದೂರು ಅಂತ ಹೇಳುತ್ತಿಲ್ಲ. ಆಗ ನನಗೆ ಅದು ದೂರು ಹೇಳುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ. ಸೀರೆ ಬಿಚ್ಚಿ ಹಾಸುವುದು, ಸೆರಗು ಭುಜಕ್ಕೆ ಹಾಕಿ ತೋರಿಸುವುದು, 'ಇದು ನಿಮಗೆ ಒಪ್ಪುತ್ತೆ' ಅಂತ ಮುಖ ನೋಡಿ ಹೇಳುವುದು, ಅವರು ಹೋದ ಮೇಲೆ ಹದಿನೈದು ಸೀರೆ ಮತ್ತೆ ಮಡಚಿಡುವುದು ನನ್ನ ಕೆಲಸ. ಅಣ್ಣ ನನ್ನನ್ನು 'ಮಡಿಕೆ ಮಹಾರಾಣಿ' ಅಂತ ಕರೆಯುತ್ತಿದ್ದ. ಅವನು ಬೆಳಿಗ್ಗೆ ಬಂದು ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು ತಲೆಗೆ ತಲೆ ತಾಗಿಸಿ ಏನೋ ಗುಸುಗುಸು ಮಾತಾಡಿ, ಒಂದು ಲೋಟ ಟೀ ಕುಡಿದು ಹೊರಗೆ ಹೋದರೆ ಮತ್ತೆ ಊಟದ ಹೊತ್ತಿಗೇ ಕಾಣಿಸುತ್ತಿದ್ದದ್ದು. ಕಟ್ಟೆಯ ಮಾತು ಕಪಾಟಿನವರೆಗೆ ತೇಲಿ ಬಂದರೆ ಅದರಲ್ಲಿ ಒಂದು ತುಂಡು ಮಾತ್ರ ಕಿವಿಗೆ ಬೀಳುತ್ತಿತ್ತು: "ನೂರಕ್ಕೆ ಇಪ್ಪತ್ತು. ಅದಕ್ಕಿಂತ ಕಡಿಮೆ ಆದ್ರೆ ಅದು ವ್ಯಾಪಾರ ಅಲ್ಲ."

ಪಕ್ಕದ ರಸ್ತೆಯ ಔಷಧಿ ಅಂಗಡಿಯವನು ನಮ್ಮ ಜಾಗ ಬಾಡಿಗೆಗೆ ಕೇಳಿದ ದಿನದಿಂದ ಅಣ್ಣನ ಗುಸುಗುಸು ಜೋರಾಯಿತು. ಸೀರೆ ಉಡುವವರೇ ಕಮ್ಮಿಯಾದರು, ಕೂತಲ್ಲೇ ತಿಂಗಳು ತಿಂಗಳು ಬಾಡಿಗೆ ಬರುತ್ತೆ, ಅಪ್ಪನಿಗೂ ವಯಸ್ಸಾಯಿತು ಅಂತ ಅವನ ವಾದ. ಅವನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಆ ಲೆಕ್ಕದಲ್ಲಿ ನಾನೆಲ್ಲಿದ್ದೆ? ಅಂಗಡಿ ಹೋದರೆ ನಾನು ಬೆಳಿಗ್ಗೆ ಎದ್ದು ಹೋಗುವ ಜಾಗ ಹೋಗುತ್ತೆ. ಆಮೇಲೆ ಅಣ್ಣನ ಮನೆಯ ಅಡುಗೆಮನೆಯಲ್ಲಿ ಅತ್ತಿಗೆ ಹಿಂದೆ ಮುಂದೆ ಸುತ್ತುತ್ತ, ಕರುಣೆಗೆ ಬಿದ್ದವಳ ಹಾಗೆ ಬದುಕಬೇಕು. 

ಒಂದು ದಿನ ಬಾಯಿ ಬಿಟ್ಟೆ. "ಅಂಗಡಿ ನಾನು ನಡೆಸ್ತೀನಿ."

ಅಣ್ಣ ನಕ್ಕ. ಅಪ್ಪ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು: "ಸರಿ. ಒಂದು ಲಾಟ್ ನೀನೇ ಆರಿಸು, ನೀನೇ ಬೆಲೆ ಹಾಕು, ನೀನೇ ಮಾರು. ಮೂರು ತಿಂಗಳು. ಕೊನೆಗೆ ಕಪಾಟಲ್ಲಿ ಒಂದು ಸೀರೆನೂ ಉಳೀಬಾರದು, ಸಾಲದ ಮಾರಾಟ ಇರಬಾರದು. ಒಟ್ಟು ಲಾಟ್‌ನಲ್ಲಿ ನೂರಕ್ಕೆ ಇಪ್ಪತ್ತು ಉಳಿಸಿ ತೋರಿಸು. ಅಂಗಡಿ ನಿಂದು. ಇಲ್ಲಾಂದ್ರೆ ನಿಮ್ಮಣ್ಣ ಹೇಳಿದ ಹಾಗೆ."

"ಮಾತು ಅಂದ್ರೆ ಮಾತು ತಾನೇ?" ಅಂದೆ.

"ನಾನ್ಯಾವತ್ತು ಮಾತು ತಪ್ಪಿದೀನಿ?" ಅಂದರು ಅಪ್ಪ. ಅದೂ ನಿಜ.

ಸಗಟು ಅಂಗಡಿಗೆ ನಾನೊಬ್ಬಳೇ ಹೋದೆ. ಅಲ್ಲಿ ಲಾಟ್ ಅಂದರೆ ಲಾಟ್. ಬೇಕಾದ ಬಣ್ಣ ಆರಿಸಿಕೊಂಡು ಬೇಡದ್ದು ಬಿಡುವ ಹಾಗಿಲ್ಲ. ಮೂರು ಗಂಟು, ಒಂದೊಂದರಲ್ಲಿ ನೂರು ಸೀರೆ. ಎರಡು ಗಂಟಿನ ಬಣ್ಣ ನೋಡಿದ ತಕ್ಷಣ ಕೈ ಮುಂದೆ ಹೋಗುವಂಥದ್ದು. ಮೂರನೆಯದು ಕಂದೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣ. ಸಗಟು ವ್ಯಾಪಾರಿ ಅದಕ್ಕೆ ಏನೋ ಚೆಂದದ ಹೆಸರು ಹೇಳಿದ. ನಾನು ಸಗಣಿ ಬಣ್ಣ ಅಂದೆ. ಅವನು ಮುಖ ಗಂಟು ಹಾಕಿಕೊಂಡ. ಆದರೆ ಮೂರರಲ್ಲೂ ಬಟ್ಟೆ ಚೆನ್ನಾಗಿತ್ತು, ಅಂಚು ಬಿಗಿಯಾಗಿತ್ತು. ಚೌಕಾಸಿ ಮಾಡಿ, ಸಾಗಣೆ ಹಮಾಲಿ ಎಲ್ಲ ಸೇರಿ ಸೀರೆಗೆ ಎಂಟುನೂರಕ್ಕೆ ತಂದು ನಿಲ್ಲಿಸಿದೆ. ಮುನ್ನೂರು ಸೀರೆಗೆ ಅಸಲು ಎರಡು ಲಕ್ಷ ನಲವತ್ತು ಸಾವಿರ.

ಬೆಲೆಯ ಚೀಟಿ ಬರೆಯಲು ಕೂತೆ. ಅಸಲಿನ ಮೇಲೆ ನಲವತ್ತು ಪರ್ಸೆಂಟ್ ಹಾಕಿ ಸಾವಿರದ ನೂರಾ ಇಪ್ಪತ್ತು ಅಂತ ಬರೆದೆ. ಎಲ್ಲವೂ ಆ ಬೆಲೆಗೆ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಸಗಣಿ ಬಣ್ಣದ್ದು ಕೊನೆಗೆ ಕ್ಲಿಯರೆನ್ಸ್‌ಗೇ ಹೋಗಬೇಕು. ಅದಕ್ಕೇ ಮೊದಲಿನ ಇನ್ನೂರರಲ್ಲಿ ಗಟ್ಟಿಯಾಗಿ ಎತ್ತಿಕೊಳ್ಳಬೇಕು ಅಂತ ನನ್ನ ಯೋಚನೆ.

ಎತ್ತಿಕೊಂಡೆ. ಒಂದು ಪೈಸೆ ಬಿಡದೆ ಎತ್ತಿಕೊಂಡೆ. 'ಸ್ವಲ್ಪ ನೋಡಿ ಹಾಕಿ' ಅಂದವರಿಗೆಲ್ಲ ಸೀರೆಯ ಒಳಮೈ ತೋರಿಸಿ, ನೂಲಿನ ಮಾತಾಡಿ, ನಗಿಸಿ, ಸಾವಿರದ ನೂರಾ ಇಪ್ಪತ್ತೇ ಇಸಿದುಕೊಂಡೆ. ಮದುವೆ ವಯಸ್ಸಿನ ಮಗಳನ್ನು ಕರೆದುಕೊಂಡು ಬಂದ ಒಬ್ಬ ಹೆಂಗಸು ಒಂದು ಮಧ್ಯಾಹ್ನವೆಲ್ಲ ಕೂತು ನನ್ನ ತಲೆ ತಿಂದು, ಕೊನೆಗೆ ಆರು ಸೀರೆ ಒಯ್ದಳು. ಎರಡೂ ಗಂಟು ಖಾಲಿಯಾದಾಗ ಗಲ್ಲಾಕ್ಕೆ ಬಿದ್ದದ್ದು ಎರಡು ಲಕ್ಷ ಇಪ್ಪತ್ತನಾಲ್ಕು ಸಾವಿರ. ಅಸಲಿನ ಹತ್ತಿರ ಹತ್ತಿರ ಬಂದುಬಿಟ್ಟಿತ್ತು, ಇನ್ನೂ ನೂರು ಸೀರೆ ಕೈಯಲ್ಲಿತ್ತು. ಆ ದಿನಗಳಲ್ಲಿ ನಾನು ಮನೆಗೆ ನಡೆದು ಹೋಗುವಾಗ ಹಾಡು ಗುನುಗುತ್ತಿದ್ದೆ ಅಂತ ಅತ್ತಿಗೆ ಆಮೇಲೆ ಹೇಳಿದರು.

ಆ ನೂರು ಮಾತ್ರ ಅಲುಗಾಡಲಿಲ್ಲ. ಬಂದವರು ಮುಟ್ಟಿ ನೋಡುತ್ತಿದ್ದರು, ಬಟ್ಟೆ ಚೆನ್ನಾಗಿದೆ ಅನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ಕ್ಲಿಯರೆನ್ಸ್ ಬೋರ್ಡು ಹಾಕಿ ಏಳುನೂರಾ ಎಂಬತ್ತು ಅಂತ ಬರೆದೆ. ಬೋರ್ಡು ಓದಿದರು, ಮುಂದೆ ಹೋದರು. ಆ ವಾರವೇ ಔಷಧಿ ಅಂಗಡಿಯ ಕಡೆಯವನೊಬ್ಬ ಅಳತೆ ಪಟ್ಟಿ ಹಿಡಿದು ಬಂದ. ನನ್ನ ಕಪಾಟಿನ ಮುಂದೆ ನಿಂತು, "ಸ್ವಲ್ಪ ಆ ಕಡೆ ಸರೀರಿ ಮೇಡಂ" ಅಂತ ಗೋಡೆ ಅಳೆದ. ಅಣ್ಣ ಪಟ್ಟಿಯ ಇನ್ನೊಂದು ತುದಿ ಹಿಡಿದಿದ್ದ.

"ಮೂರು ತಿಂಗಳು ಇನ್ನೂ ಮುಗಿದಿಲ್ಲ" ಅಂದೆ.

"ಅಳೆದ್ರೆ ಗೋಡೆ ಸವೆಯಲ್ಲ ಬಿಡು" ಅಂದ ಅಣ್ಣ.

ಗಂಟಿನಕ್ಕ ಬಂದದ್ದು ಆಮೇಲೆ. ಸೀರೆಯ ಗಂಟು ಹೊತ್ತು ಮನೆಮನೆಗೆ ಹೋಗಿ ಮಾರುವವಳು, ನಮ್ಮ ಬೀದಿಯವರೆಲ್ಲ ಅವಳಿಗೆ ಇಟ್ಟ ಹೆಸರು ಅದು. ಅವಳು ಸಗಣಿ ಬಣ್ಣದ ಸೀರೆಯೊಂದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಸೆರಗನ್ನು ಕೈಯಲ್ಲಿ ಹಿಂಡಿ ನೋಡಿದಳು, ಆಮೇಲೆ ಮಾತು ತೆಗೆದಳು.

"ಇದು ನನ್ ಗಿರಾಕಿಗಳಿಗೆ ಆಗುತ್ತೆ ತಂಗಿ. ಕೊಳೆ ಕಾಣಲ್ಲ, ದಿನಾ ಉಡಬಹುದು. ನೂರೂ ನಾನೇ ಒಯ್ತೀನಿ. ಎರಡು ದಾರಿ ಹೇಳ್ತೀನಿ, ನೀನೇ ಆರಿಸ್ಕೋ. ನಿನ್ ಬೋರ್ಡಿನ ರೇಟಿಗೇ ಬೇಕಾ? ಇವತ್ತು ಐವತ್ತು ಒಯ್ತೀನಿ, ಅದನ್ನ ಮಾರಿ ತಿಂಗಳು ಮುಗಿಯೋದ್ರೊಳಗೆ ಬಂದು ಇನ್ನೈವತ್ತು ಒಯ್ತೀನಿ. ಇಲ್ಲ, ಇವತ್ತೇ ಎಲ್ಲಾ ಹೊರಿಸಿ ಕಳಿಸ್ತೀಯಾ? ಹಾಗಾದ್ರೆ ಆರುನೂರಾ ನಲವತ್ತು. ದುಡ್ಡು ಸೊಂಟದಲ್ಲೇ ಇದೆ."

ನಾನು ಬೆಲೆ ಚೀಟಿಯ ಹಿಂಬದಿ ತಿರುಗಿಸಿ ಲೆಕ್ಕ ಹಾಕಿದೆ. ಅಸಲು ಎರಡು ಲಕ್ಷ ನಲವತ್ತು ಸಾವಿರ. ಅದರ ಮೇಲೆ ನೂರಕ್ಕೆ ಇಪ್ಪತ್ತು ಅಂದರೆ ನಲವತ್ತೆಂಟು ಸಾವಿರ. ಒಟ್ಟು ಎರಡು ಲಕ್ಷ ಎಂಬತ್ತೆಂಟು ಸಾವಿರ ಬರಬೇಕು. ಎರಡು ಲಕ್ಷ ಇಪ್ಪತ್ತನಾಲ್ಕು ಸಾವಿರ ಬಂದಾಗಿದೆ. ಬೇಕಾದದ್ದು ಅರವತ್ತನಾಲ್ಕು ಸಾವಿರ. ನೂರು ಸೀರೆಗೆ ಹಂಚಿದರೆ ಸೀರೆಗೆ ಆರುನೂರಾ ನಲವತ್ತು. ಅಳೆದು ಕತ್ತರಿಸಿದ ಹಾಗೆ ಕೂತುಬಿಟ್ಟಿತು.

ಗಂಟಿನಕ್ಕ ಮಾತಿಗೆ ತಪ್ಪುವವಳಲ್ಲ. ಆದರೆ ಅವಳ ಗಿರಾಕಿಗಳು ದುಡ್ಡು ಕೊಡದಿದ್ದರೆ? ಅವಳ ಮೊಣಕಾಲು ಹಿಡಿದುಕೊಂಡರೆ? ಐವತ್ತು ಸೀರೆ ಕಪಾಟಿನಲ್ಲಿ ಉಳಿದರೆ ಅಪ್ಪನ ಮಾತಿನ ಪ್ರಕಾರ ಎಲ್ಲ ಮಣ್ಣುಪಾಲು. ನನಗೆ ಬೇಕಾದದ್ದು ಇಪ್ಪತ್ತು. ಇಪ್ಪತ್ತು ಅವಳ ಸೊಂಟದಲ್ಲಿದೆ. ಹೆಚ್ಚಿನ ಆಸೆ ಯಾಕೆ?

ಅಣ್ಣ ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದ. ಅಪ್ಪ ಮನೆಗೆ ಊಟಕ್ಕೆ ಹೋಗಿದ್ದರು. ನಾನು ಚೀಟಿ ಹಿಡಿದುಕೊಂಡು ಅವನ ಮುಂದೆ ನಿಂತು ಲೆಕ್ಕವನ್ನು ಗಟ್ಟಿಯಾಗಿ ಓದಿದೆ. "ಅಸಲಿನ ಮೇಲೆ ಸರಿಯಾಗಿ ನೂರಕ್ಕೆ ಇಪ್ಪತ್ತು ಬೀಳುತ್ತೆ ಕಣೋ. ಕೊಟ್ಟುಬಿಡ್ಲಾ?"

ಅವನು ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತು ಚೀಟಿ ನೋಡಿದ. "ನಿನ್ ಲಾಟು, ನಿನ್ ಇಷ್ಟ" ಅಂದ.

ಆಮೇಲೆ ಕಟ್ಟೆಯಿಂದ ಇಳಿದು ಬಂದು ಗಂಟು ಕಟ್ಟಲು ಸಹಾಯ ಮಾಡಿದ. ಅವನು ಅಂಗಡಿಯಲ್ಲಿ ಒಂದು ಸೀರೆ ಎತ್ತಿಟ್ಟದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಮಂಡಿಯೂರಿ, ಹಗ್ಗ ಎಳೆದು, ಬಿಚ್ಚದ ಹಾಗೆ ಗಂಟು ಬಿಗಿದ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು. ಸೋಲುವಾಗಲೂ ಮುಖ ಸಣ್ಣ ಮಾಡಲಿಲ್ಲವಲ್ಲ ನಮ್ಮಣ್ಣ ಅಂದುಕೊಂಡೆ.

ಅಪ್ಪ ಅಂಗಡಿಗೆ ವಾಪಸು ಬಂದ ಮೇಲೆ ನಾವಿಬ್ಬರೂ ಊಟಕ್ಕೆ ಹೋದಾಗ ಅತ್ತಿಗೆಗೆ ಎಲ್ಲ ಹೇಳಿದೆ. ಅತ್ತಿಗೆ ಒಳ್ಳೆಯವರು, ಆದರೆ ಗಾಬರಿ ಜಾಸ್ತಿ. ಬೆರಳು ಮಡಚಿ ಲೆಕ್ಕ ಹಾಕಿದರು. "ಮೊದಲಿಂದ್ರಲ್ಲಿ ನಲವತ್ತು ಲಾಭ. ಈ ನೂರರಲ್ಲಿ ಎಂಟುನೂರರದ್ದು ಆರುನೂರಾ ನಲವತ್ತಕ್ಕೆ, ಇಪ್ಪತ್ತು ನಷ್ಟ. ನಲವತ್ತರಲ್ಲಿ ಇಪ್ಪತ್ತು ಹೋದ್ರೆ ಇಪ್ಪತ್ತು, ಎರಡು ಭಾಗ ಮಾಡಿದ್ರೆ ಹತ್ತೇ ಆಯ್ತಲ್ಲೇ! ಏನ್ ಮಾಡ್ಕೊಂಡೆ ನೀನು?"

"ಹಾಗಲ್ಲ ಅತ್ತಿಗೆ. ಎರಡು ಲೋಟ ಹಾಲಿಗೆ ಒಂದು ಲೋಟ ನೀರು ಹಾಕಿದ್ರೆ ಅರ್ಧಕ್ಕರ್ಧ ಆಗುತ್ತಾ? ನಲವತ್ತು ಲಾಭದ್ದು ಇನ್ನೂರು ಸೀರೆ, ಇಪ್ಪತ್ತು ನಷ್ಟದ್ದು ನೂರೇ. ನಲವತ್ತನ್ನ ಎರಡು ಸಲ ಎಣಿಸ್ಬೇಕು, ನಷ್ಟಾನ ಒಂದೇ ಸಲ. ಎಂಬತ್ತರಲ್ಲಿ ಇಪ್ಪತ್ತು ಹೋದ್ರೆ ಅರವತ್ತು. ಮೂರು ಭಾಗ ಮಾಡಿ. ಇಪ್ಪತ್ತೇ ಬರುತ್ತೆ. ದುಡ್ಡಲ್ಲಿ ನೋಡಿದ್ರೂ ಅಷ್ಟೇ, ಆ ಇನ್ನೂರರಲ್ಲಿ ಅರವತ್ತನಾಲ್ಕು ಸಾವಿರ ಲಾಭ ಬಂತು, ಈ ನೂರರಲ್ಲಿ ಹದಿನಾರು ಸಾವಿರ ಹೋಯ್ತು, ನಲವತ್ತೆಂಟು ಸಾವಿರ ಉಳೀತು."

ಅತ್ತಿಗೆಗೆ ನಂಬಿಕೆ ಬರಲಿಲ್ಲ. ಗಂಡನ ಮುಖ ನೋಡಿದರು.

"ಅವಳ ಲೆಕ್ಕ ಸರಿಯಾಗೇ ಇದೆ" ಅಂದ ಅಣ್ಣ, ತಟ್ಟೆಯಿಂದ ತಲೆಯೆತ್ತದೆ.

ಆ ಮಾತಿನಲ್ಲೂ ಸುಳ್ಳಿರಲಿಲ್ಲ.

ಮೂರನೆಯ ತಿಂಗಳ ಕೊನೆಯ ದಿನ ಅಪ್ಪ ಅಂಗಡಿಯ ಬಾಗಿಲು ಅರ್ಧ ಮುಚ್ಚಿಸಿ ನನ್ನನ್ನು ಕರೆದರು. ನನ್ನ ಲಾಟ್ ಇಟ್ಟಿದ್ದ ಕಪಾಟು ಖಾಲಿಯಿತ್ತು. ಅಷ್ಟು ಖಾಲಿ ಕಪಾಟನ್ನು ನಾನೇ ಮೊದಲ ಸಲ ನೋಡುತ್ತಿದ್ದದ್ದು, ಗೋಡೆಯ ಬಣ್ಣ ಅಲ್ಲಿ ಇನ್ನೂ ಹೊಸದರ ಹಾಗೆ ಉಳಿದಿತ್ತು. ಅಪ್ಪ ಕಟ್ಟೆಯ ಮೇಲೆ, ಅಣ್ಣ ಅವರ ಪಕ್ಕ. ನಾನು ಕೆಳಗೆ ನಿಂತಿದ್ದೆ. ಇವತ್ತಿನಿಂದ ಎಲ್ಲಿ ಕೂರಬೇಕು, ಹಾಸಿಗೆಗೆ ಹೊಸ ಗವುಸು ಹೊಲಿಸಬೇಕು ಅಂತೆಲ್ಲ ಮನಸ್ಸು ಓಡುತ್ತಿತ್ತು.

"ಒಟ್ಟು ಎಷ್ಟಕ್ಕೆ ಮಾರಿದೆ?" ಅಂದರು ಅಪ್ಪ.

"ಎರಡು ಲಕ್ಷ ಎಂಬತ್ತೆಂಟು ಸಾವಿರ."

"ಅದರಲ್ಲಿ ಉಳಿದದ್ದು?"

"ನಲವತ್ತೆಂಟು."

ಅಪ್ಪ ಕಣ್ಣು ಮುಚ್ಚಿದರು. ತುಟಿ ಒಂದು ಕ್ಷಣ ಅಲ್ಲಾಡಿತು. ಅವರಿಗೆ ಕಾಗದ ಬೇಕಿರಲಿಲ್ಲ. "ನಲವತ್ತೆಂಟು ಆರ್ಲಿ ಇನ್ನೂರ ಎಂಬತ್ತೆಂಟು. ಆರರಲ್ಲಿ ಒಂದು ಪಾಲು. ನೂರಕ್ಕೆ ಹದಿನಾರು ಚಿಲ್ಲರೆ" ಅಂದರು. ಆಮೇಲೆ ನಿಧಾನಕ್ಕೆ, "ಚೆನ್ನಾಗೇ ಮಾಡಿದ್ದೀಯ. ಸ್ವಲ್ಪದರಲ್ಲಿ ಹೋಯ್ತು" ಅಂದರು.

ನನಗೆ ಅರ್ಥವಾಗಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. "ಅಪ್ಪ, ಎರಡು ನಲವತ್ತರ ಮೇಲೆ ನಲವತ್ತೆಂಟು. ಸರಿಯಾಗಿ ಇಪ್ಪತ್ತು."

"ಅದು ಅಸಲಿನ ಮೇಲೆ" ಅಂದರು ಅಪ್ಪ, ಮಗುವಿಗೆ ಹೇಳುವ ಹಾಗೆ. "ನೂರು ಅಂದ್ರೆ ಗಲ್ಲಾದ ನೂರಮ್ಮ. ಗಲ್ಲಾಕ್ಕೆ ನೂರು ಬಿದ್ರೆ ಅದರಲ್ಲಿ ಇಪ್ಪತ್ತು ನಮ್ಮದು, ಎಂಬತ್ತು ಮಾಲಿಂದು. ಕಂದಾಯ, ಕರೆಂಟು, ಮನೆಖರ್ಚು ಎಲ್ಲಾ ಗಲ್ಲಾದಿಂದ ತಾನೇ ಹೋಗೋದು? ಅಸಲಿಂದ ಹೋಗುತ್ತಾ? ನಮ್ಮಪ್ಪನ ಕಾಲದಿಂದ ಇಲ್ಲಿ ಹಾಗೇ. ಎರಡು ನಲವತ್ತರ ಮಾಲು ಮೂರು ಲಕ್ಷಕ್ಕೆ ಹೋಗ್ಬೇಕಿತ್ತು. ಹನ್ನೆರಡು ಸಾವಿರ ಕಮ್ಮಿ ಬಿತ್ತು."

ಹನ್ನೆರಡು ಸಾವಿರ. ನೂರು ಸೀರೆ. ಸೀರೆಗೆ ನೂರಾ ಇಪ್ಪತ್ತು. ಆರುನೂರಾ ನಲವತ್ತರ ಬದಲು ಏಳುನೂರಾ ಅರವತ್ತು ಸಿಕ್ಕಿದ್ದರೆ ಸಾಕಿತ್ತು. ನನ್ನ ಬೋರ್ಡಿನಲ್ಲಿ ಏಳುನೂರಾ ಎಂಬತ್ತು ಇತ್ತು. ಗಂಟಿನಕ್ಕ ಅದಕ್ಕೇ ಒಯ್ಯುತ್ತೇನೆ ಅಂದಿದ್ದಳು, ಎರಡು ಸಲ ಬಂದು. ಅವಳು ಹಿಂದಿನ ದಿನ ಬೀದಿಯಲ್ಲಿ ಸಿಕ್ಕಿದ್ದಳು, ಗಂಟು ಬರಿದಾಗಿತ್ತು, ಕೈ ಬೀಸಿ ನಕ್ಕು ಹೋಗಿದ್ದಳು. ಅವಳು ಬರುತ್ತಿದ್ದಳು. ಖಂಡಿತ ಬರುತ್ತಿದ್ದಳು.

ನಾನು ಅಣ್ಣನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ? ಯಾವ ನೂರು ಅಂತ?"

ಅವನು ಗಲ್ಲಾಪೆಟ್ಟಿಗೆಯ ಮುಚ್ಚಳ ತೆಗೆದ, ಹಾಕಿದ. "ನೀನು ಕೇಳಿದ್ದು ಕೊಡ್ಲಾ ಅಂತ. ಯಾವ ನೂರು ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

"ಅಸಲಿನ ಮೇಲೆ ಅಂತ ನಿನ್ ಮುಂದೆ ನಿಂತು ಓದಿದೆ."

ಅವನು ಮುಚ್ಚಳವನ್ನು ಮತ್ತೆ ತೆಗೆದ. ಮಂಡಿಯೂರಿ ಹಗ್ಗ ಎಳೆದ ಆ ಕೈಗಳನ್ನೇ ನೋಡುತ್ತ ನಿಂತೆ. ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅವನ ಮೇಲಷ್ಟೇ ಅಲ್ಲ. ಆ ಬೆಲೆ ಚೀಟಿ ಹಿಡಿದುಕೊಂಡು ಹೆಮ್ಮೆಯಿಂದ ಅವನ ಮುಂದೆ ಓದಿದವಳ ಮೇಲೂ ಬಂತು.

ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಕನ್ನಡಕದ ಮೇಲಿಂದ ನನ್ನನ್ನೂ ಅಣ್ಣನನ್ನೂ ನೋಡಿದರು. "ಇದೇನಮ್ಮ ಹೀಗಂತೀಯಾ? ಗಲ್ಲಾದ ನೂರು ಅಂದ್ರೇನು ಅಂತ ನಿಂಗೆ ಗೊತ್ತಿಲ್ವಾ? ನಾನು ಮಕ್ಕಳಿಗೆಲ್ಲಾ ಹೇಳಿಕೊಟ್ಟಿದ್ದೀನಲ್ಲ."

ಅಪ್ಪನಿಗೆ ಇರುವುದು ಇಬ್ಬರು ಮಕ್ಕಳು. ಅಣ್ಣ, ನಾನು.

ಆ ಮಾತು ಅವರ ಬಾಯಿಂದ ಎಷ್ಟು ಸಹಜವಾಗಿ ಬಂತು ಅಂದರೆ, ಅದರಲ್ಲಿ ಏನು ತಪ್ಪಿದೆ ಅಂತ ಅವರಿಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವರು ಅನ್ಯಾಯ ಮಾಡುವ ಮನುಷ್ಯ ಅಲ್ಲ. ಮಾರಿದ್ದಕ್ಕೆ ಮೆಚ್ಚಿ ಲಾಭದಲ್ಲಿ ನನಗೂ ಒಂದು ಪಾಲು ಎತ್ತಿಟ್ಟರು. ಮಾತು ಮಾತ್ರ ಮಾತೇ ಅಂದರು. ಮುಂದಿನ ವಾರದಿಂದ ಜಾಗ ಔಷಧಿ ಅಂಗಡಿಯವನದು. ನಾನು ವಾದ ಮಾಡಬಹುದಿತ್ತು, ಶಾಲೆಯಲ್ಲಿ ಕಲಿಸಿದ್ದು ಅಸಲಿನ ಮೇಲೇ ಅಂತ ಹೇಳಬಹುದಿತ್ತು. ಆದರೆ ಇದು ಶಾಲೆಯಲ್ಲ, ಅಪ್ಪನ ಅಂಗಡಿ. ಇಲ್ಲಿ ನಡೆಯುವ ನೂರು ಯಾವುದು ಅಂತ ತಿಳಿಯದವಳು ಇಲ್ಲಿ ಇಷ್ಟು ವರ್ಷ ಏನು ಮಾಡುತ್ತಿದ್ದಳು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. ಮಡಚುತ್ತಿದ್ದಳು.

ಚಪ್ಪಲಿ ಹಾಕಿಕೊಂಡೆ. ಅಪ್ಪ ಕಟ್ಟೆಯಿಂದ ಇಳಿದು, ಅಭ್ಯಾಸದಂತೆ ಮೂಲೆಯ ಪೊರಕೆಯ ಕಡೆ ನೋಡಿದರು. ಬೀಗ ಹಾಕುವ ಮುಂಚೆ ಕಟ್ಟೆ ಗುಡಿಸುವುದು ಪ್ರತಿದಿನದ ಕೆಲಸ.

"ಗುಡಿಸೋದು ಮರೆತ್ಯಲ್ಲಮ್ಮ" ಅಂದರು.

"ಮಕ್ಕಳಿಗೆ ಹೇಳಿ" ಅಂದೆ.